ಅರ್ಧ ಹೊರಗೆ, ಅರ್ಧ ಒಳಗೆ: ಬ್ಯಾಟರಿಯಿಂದ ಗರಿಷ್ಠ ಪವರ್ ಪಡೆಯುವ ಲೆಕ್ಕ

ಮಕ್ಕಳ ಆಟದ ಕಾರು ಓಡುವುದನ್ನು ನಿಲ್ಲಿಸಿದಾಗ ಅದರ ಪೆನ್ಸಿಲ್ ಶೆಲ್ಲುಗಳನ್ನು ಎಸೆಯದೆ ಗೋಡೆ ಗಡಿಯಾರಕ್ಕೆ ಹಾಕುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ. ಕಾರಿಗೆ ಬೇಡವಾದ ಶೆಲ್ಲು ಗಡಿಯಾರವನ್ನು ಇನ್ನೂ ಹಲವು ವಾರ ಓಡಿಸುತ್ತದೆ. ಹಾಗಾದರೆ ಆ ಶೆಲ್ಲು ಖಾಲಿಯಾಗಿತ್ತೆ, ಇಲ್ಲವೆ? ಖಾಲಿಯಾಗಿರಲಿಲ್ಲ. ಒಳಗೆ ರಾಸಾಯನಿಕ ಶಕ್ತಿ ಇನ್ನೂ ಉಳಿದಿತ್ತು. ಅದನ್ನು ಬೇಗ ಬೇಗ ಹೊರಗೆ ಕೊಡುವ ತಾಕತ್ತು ಮಾತ್ರ ಕುಗ್ಗಿತ್ತು. ಕಾರಿನ ಮೋಟಾರಿಗೆ ಒಂದೇ ಸಲಕ್ಕೆ ಹೆಚ್ಚು ಕರೆಂಟ್ ಬೇಕು, ಗಡಿಯಾರಕ್ಕೆ ಅತ್ಯಲ್ಪ ಸಾಕು.

ಬ್ಯಾಟರಿಯಲ್ಲಿ ಎಷ್ಟು ಶಕ್ತಿ ತುಂಬಿದೆ ಎಂಬುದು ಒಂದು ಪ್ರಶ್ನೆ. ಅದನ್ನು ಎಷ್ಟು ವೇಗವಾಗಿ, ಅಂದರೆ ಎಷ್ಟು ವಾಟ್ ಪವರ್ ಆಗಿ ಹೊರಗೆ ತೆಗೆಯಬಹುದು ಎಂಬುದು ಬೇರೆಯೇ ಪ್ರಶ್ನೆ. ಎರಡನೆಯದಕ್ಕೆ ಪ್ರತಿ ಬ್ಯಾಟರಿಗೂ ಒಂದು ಮಿತಿ ಇದೆ. ಆ ಮಿತಿಯನ್ನು ಮುಟ್ಟಿದ ಕ್ಷಣದಲ್ಲಿ ಬ್ಯಾಟರಿ ಉತ್ಪಾದಿಸುವ ಶಕ್ತಿಯ ಅರ್ಧ ಭಾಗ ಅದರ ಹೊಟ್ಟೆಯೊಳಗೇ ಬಿಸಿಯಾಗಿ ಹೋಗುತ್ತದೆ. ಪಿಯುಸಿ ಭೌತಶಾಸ್ತ್ರ ಓದಿದವರು ಇದನ್ನು ಎರಡು ಸಾಲಿನ ಲೆಕ್ಕವಾಗಿ ಮಾಡಿರಬಹುದು. ಉತ್ತರ ಚಿಕ್ಕದು, ಆದರೆ ಅದರ ಅರ್ಥವನ್ನು ತಪ್ಪಾಗಿ ಓದಿಕೊಂಡವರು 19ನೇ ಶತಮಾನದಿಂದಲೂ ಇದ್ದಾರೆ.

ಒಳಗಿನ ರೋಧ

ಬ್ಯಾಟರಿ ಎಂದರೆ ವೋಲ್ಟೇಜ್ ಮಾತ್ರ ಅಲ್ಲ. ಹೊರಗಿನ ತಂತಿಯಲ್ಲಿ ಹರಿಯುವ ಕರೆಂಟು ಬ್ಯಾಟರಿಯ ಒಳಗೂ ಹರಿದೇ ಸುತ್ತನ್ನು ಪೂರ್ತಿ ಮಾಡಬೇಕು. ಒಳಗೆ ಅದು ರಾಸಾಯನಿಕ ದ್ರಾವಣವನ್ನೋ ಒದ್ದೆ ಪುಡಿಯನ್ನೋ ದಾಟಬೇಕು, ಲೋಹದ ಫಲಕಗಳನ್ನು ಹಾಯಬೇಕು, ಫಲಕದ ಮೇಲೆ ರಾಸಾಯನಿಕ ಕ್ರಿಯೆ ನಡೆಯುವ ತನಕ ಕಾಯಬೇಕು. ಈ ಎಲ್ಲ ತಡೆಗಳನ್ನು ಒಟ್ಟುಗೂಡಿಸಿ ‘ಆಂತರಿಕ ರೋಧ’ ಎನ್ನುತ್ತಾರೆ. ಲೆಕ್ಕಕ್ಕೆ ಬ್ಯಾಟರಿಯನ್ನು ಎರಡು ಭಾಗ ಮಾಡಿಕೊಳ್ಳಬಹುದು: ಯಾವ ತಡೆಯೂ ಇಲ್ಲದ ಒಂದು ಆದರ್ಶ ಬ್ಯಾಟರಿ, ಅದರ ಜೊತೆಗೆ ಸಾಲಾಗಿ ಜೋಡಿಸಿದ ಒಂದು ಚಿಕ್ಕ ರೋಧಕ. ಆ ರೋಧಕ ಕಣ್ಣಿಗೆ ಕಾಣುವುದಿಲ್ಲ, ಬಿಚ್ಚಿ ತೆಗೆಯಲಿಕ್ಕೂ ಬರುವುದಿಲ್ಲ.

ಕರೆಂಟ್ ಹರಿಯದಿದ್ದಾಗ ಈ ರೋಧ ಇದೆಯೆಂದು ಗೊತ್ತೇ ಆಗದು. ಕರೆಂಟ್ ಎಳೆದ ಕೂಡಲೇ ಅದು ವೋಲ್ಟೇಜಿನ ಒಂದು ಪಾಲನ್ನು ಕಬಳಿಸುತ್ತದೆ. ಹೆಚ್ಚು ಎಳೆದಷ್ಟೂ ಹೆಚ್ಚು ಪಾಲು. ಹೊರಗಿನ ಸಾಧನಕ್ಕೆ, ಅಂದರೆ ಲೋಡಿಗೆ, ಉಳಿದದ್ದು ಮಾತ್ರ ಸಿಗುತ್ತದೆ.

ನಾಲ್ಕು ಶೆಲ್ಲಿನ ಲೆಕ್ಕ

ನಾಲ್ಕು ಸಾಮಾನ್ಯ ಪೆನ್ಸಿಲ್ ಶೆಲ್ಲುಗಳನ್ನು ಸಾಲಾಗಿ ಜೋಡಿಸೋಣ. ಒಂದೊಂದೂ 1.5 ವೋಲ್ಟ್, ಒಟ್ಟು 6 ವೋಲ್ಟ್. ಒಂದೊಂದರ ಆಂತರಿಕ ರೋಧ ಅರ್ಧ ಓಮ್ ಎಂದು ಹಿಡಿದರೆ ಒಟ್ಟು 2 ಓಮ್. ಈಗ ಬೇರೆ ಬೇರೆ ಲೋಡುಗಳನ್ನು ಹಚ್ಚಿ, ಹೊರಗೆ ಎಷ್ಟು ಪವರ್ ಸಿಗುತ್ತದೆ ನೋಡೋಣ. ಬೇಕಾದದ್ದು ಓಮನ ನಿಯಮ ಒಂದೇ. 6 ವೋಲ್ಟನ್ನು ಒಳಗಿನ ಮತ್ತು ಹೊರಗಿನ ರೋಧಗಳ ಮೊತ್ತದಿಂದ ಭಾಗಿಸಿದರೆ ಕರೆಂಟ್. ಕರೆಂಟನ್ನು ಅದರಿಂದಲೇ ಗುಣಿಸಿ, ಮತ್ತೆ ಲೋಡಿನ ರೋಧದಿಂದ ಗುಣಿಸಿದರೆ ಲೋಡಿಗೆ ಸಿಕ್ಕ ಪವರ್.

ಮೊದಲು ಎರಡು ತುದಿಗಳನ್ನು ನೋಡಿಬಿಡೋಣ. ತಂತಿಯಿಂದ ನೇರವಾಗಿ ಶಾರ್ಟ್ ಮಾಡಿದರೆ ಕರೆಂಟ್ 3 ಆಂಪಿಯರ್, ಅದಕ್ಕಿಂತ ಹೆಚ್ಚು ಸಾಧ್ಯವೇ ಇಲ್ಲ. ಆದರೆ ಹೊರಗೆ ಲೋಡೇ ಇಲ್ಲವಾದ್ದರಿಂದ ಸಿಕ್ಕ ಉಪಯೋಗ ಸೊನ್ನೆ. 18 ವಾಟ್ ಪೂರ್ತಿ ಶೆಲ್ಲುಗಳನ್ನೇ ಬಿಸಿ ಮಾಡುತ್ತದೆ. ಏನೂ ಹಚ್ಚದೆ ಬಿಟ್ಟರೆ 6 ವೋಲ್ಟ್ ಪೂರ್ತಿ ಇದೆ, ಕರೆಂಟ್ ಇಲ್ಲ. ಆಗಲೂ ಪವರ್ ಸೊನ್ನೆ. ಹಾಗಾಗಿ ಗರಿಷ್ಠ ಪವರ್ ಈ ಎರಡರ ನಡುವೆ ಎಲ್ಲೋ ಇರಲೇಬೇಕು.

| ಲೋಡ್ (ಓಮ್) | ಕರೆಂಟ್ (ಆಂಪಿಯರ್) | ಲೋಡಿಗೆ ಸಿಕ್ಕ ಪವರ್ (ವಾಟ್) | ಒಳಗೆ ವ್ಯರ್ಥ (ವಾಟ್) | ದಕ್ಷತೆ |
|---|---|---|---|---|
| 0.5 | 2.4 | 2.88 | 11.52 | 20% |
| 1 | 2 | 4 | 8 | 33% |
| 2 | 1.5 | 4.5 | 4.5 | 50% |
| 4 | 1 | 4 | 2 | 67% |
| 10 | 0.5 | 2.5 | 0.5 | 83% |

ಲೋಡು 2 ಓಮ್ ಆದಾಗ, ಅಂದರೆ ಆಂತರಿಕ ರೋಧಕ್ಕೆ ಸರಿಸಮವಾದಾಗ, ಪವರ್ ಗರಿಷ್ಠ: 4.5 ವಾಟ್. ಅದೇ ಸಾಲಿನಲ್ಲಿ ವ್ಯರ್ಥವೂ 4.5 ವಾಟ್. ಒಟ್ಟು 9 ವಾಟಿನಲ್ಲಿ ನಮಗೆ ದಕ್ಕಿದ್ದು ಅರ್ಧ, ಆದ್ದರಿಂದ ದಕ್ಷತೆ 50%. ಯಾವ ಬ್ಯಾಟರಿ ತೆಗೆದುಕೊಂಡರೂ ಹೀಗೆಯೇ: ಲೋಡಿನ ರೋಧವೂ ಒಳಗಿನ ರೋಧವೂ ಸಮನಾದಾಗ ಪವರ್ ಗರಿಷ್ಠ, ದಕ್ಷತೆ ಅರ್ಧ.

ಸಮನಾದಾಗಲೇ ಏಕೆ?

ಇದಕ್ಕೆ ಕಲನಶಾಸ್ತ್ರದ ಸಾಧನೆ ಉಂಟು. ಅದಿಲ್ಲದೆಯೂ ಅರ್ಥ ಮಾಡಿಕೊಳ್ಳಬಹುದು. 6 ವೋಲ್ಟ್ ಎರಡು ಪಾಲಾಗುತ್ತದೆ: ಒಂದು ಪಾಲು ಹೊರಗಿನ ಲೋಡಿಗೆ, ಇನ್ನೊಂದು ಒಳಗಿನ ರೋಧಕ್ಕೆ. ಪಾಲು ಹೇಗೇ ಆಗಲಿ, ಮೊತ್ತ ಮಾತ್ರ ಯಾವಾಗಲೂ 6. ಒಳಗಿನ ಪಾಲನ್ನು 2 ಓಮಿನಿಂದ ಭಾಗಿಸಿದರೆ ಬರುವುದೇ ಕರೆಂಟ್. ಲೋಡಿನ ಪವರ್ ಎಂದರೆ ಹೊರಗಿನ ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿದ್ದು. ಬ್ಯಾಟರಿಯ ವೋಲ್ಟೇಜ್ E, ಲೋಡಿಗೆ ಸಿಕ್ಕಿದ್ದು V, ಆಂತರಿಕ ರೋಧ r ಎಂದಿಟ್ಟುಕೊಂಡರೆ:

P = V × (E − V) ÷ r

ಅಂದರೆ ನಾವು ಹುಡುಕುತ್ತಿರುವುದು, ಮೊತ್ತ 6 ಆಗಿರುವ ಎರಡು ಸಂಖ್ಯೆಗಳ ಅತಿ ದೊಡ್ಡ ಗುಣಲಬ್ಧವನ್ನು. 1 ಮತ್ತು 5 ಗುಣಿಸಿದರೆ 5. 2 ಮತ್ತು 4 ಗುಣಿಸಿದರೆ 8. 3 ಮತ್ತು 3 ಗುಣಿಸಿದರೆ 9. ಇಷ್ಟೇ ಉದ್ದದ ಬೇಲಿಯಿಂದ ಆಯತಾಕಾರದ ಹಿತ್ತಲನ್ನು ಸುತ್ತುವರಿಯಬೇಕಾದರೆ ಚೌಕವಾಗಿ ಕಟ್ಟಿದಾಗಲೇ ಹೆಚ್ಚು ಜಾಗ ಸಿಗುವಂತೆ, ಎರಡು ಪಾಲುಗಳು ಸಮನಾದಾಗಲೇ ಗುಣಲಬ್ಧ ದೊಡ್ಡದು. 9ನ್ನು 2ರಿಂದ ಭಾಗಿಸಿದರೆ ಅದೇ 4.5 ವಾಟ್.

ಎರಡೂ ಕಡೆ ಮೂರು ಮೂರು ವೋಲ್ಟ್ ಇದೆ, ಎರಡರಲ್ಲೂ ಹರಿಯುವ ಕರೆಂಟ್ ಒಂದೇ. ಹಾಗಿದ್ದ ಮೇಲೆ ಎರಡು ರೋಧಗಳೂ ಸಮನಾಗಿರಲೇಬೇಕು, ಎರಡರಲ್ಲಿ ಖರ್ಚಾಗುವ ಪವರ್ ಕೂಡ. ಅರ್ಧ ದಕ್ಷತೆ ಎಂಬುದು ಹೀಗೆ ಗರಿಷ್ಠ ಪವರಿನ ಜೊತೆಯಲ್ಲೇ ಹುಟ್ಟಿದ್ದು. ಎಷ್ಟೇ ಒಳ್ಳೆಯ ಬ್ಯಾಟರಿ ತಂದರೂ ಆ ಬಿಂದುವಿನಲ್ಲಿ ಅರ್ಧವನ್ನು ತೆರಲೇಬೇಕು. ಇದೇ ಲೆಕ್ಕದಿಂದ ಬ್ಯಾಟರಿಯ ಮಿತಿಯೂ ಸಿಗುತ್ತದೆ: ವೋಲ್ಟೇಜಿನ ವರ್ಗವನ್ನು ಆಂತರಿಕ ರೋಧದ ನಾಲ್ಕು ಪಟ್ಟಿನಿಂದ ಭಾಗಿಸಿದರೆ ಬರುವಷ್ಟು ವಾಟ್. ನಮ್ಮ ಶೆಲ್ಲುಗಳಿಗೆ 36ನ್ನು 8ರಿಂದ ಭಾಗಿಸಿದಷ್ಟು.

ಪವರ್ ಒಂದೇ, ಬೆಲೆ ಎರಡು

ಕೋಷ್ಟಕದಲ್ಲಿ 1 ಓಮ್ ಮತ್ತು 4 ಓಮ್ ಸಾಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಲೋಡಿಗೆ ಸಿಗುವುದು 4 ವಾಟ್. ಆದರೆ ಮೊದಲನೆಯದರಲ್ಲಿ 8 ವಾಟ್ ವ್ಯರ್ಥ, ಎರಡನೆಯದರಲ್ಲಿ 2 ವಾಟ್ ಮಾತ್ರ. ಗರಿಷ್ಠವನ್ನು ಬಿಟ್ಟು ಬೇರೆ ಯಾವ ಪವರ್ ಬೇಕೆಂದರೂ ಅದನ್ನು ಕೊಡುವ ಲೋಡುಗಳು ಎರಡಿರುತ್ತವೆ: ಒಂದು ಆಂತರಿಕ ರೋಧಕ್ಕಿಂತ ಚಿಕ್ಕದು, ಇನ್ನೊಂದು ದೊಡ್ಡದು. ಅವೆರಡನ್ನು ಗುಣಿಸಿದರೆ ಆಂತರಿಕ ರೋಧದ ವರ್ಗ ಬರುತ್ತದೆ. ಇಲ್ಲಿ 1 ಮತ್ತು 4 ಗುಣಿಸಿದರೆ 4, ಅದು 2ರ ವರ್ಗ. ಚಿಕ್ಕ ಲೋಡನ್ನು ಆರಿಸಿಕೊಳ್ಳಲು ಪವರಿನ ದೃಷ್ಟಿಯಿಂದ ಕಾರಣವೇ ಇಲ್ಲ. ಅಷ್ಟೇ ಕೆಲಸವನ್ನು ದೊಡ್ಡ ಲೋಡು ಎಷ್ಟೋ ಕಡಿಮೆ ಖರ್ಚಿನಲ್ಲಿ ಮಾಡುತ್ತದೆ.

ಇನ್ನೊಂದು ಅಂಶವೂ ಅಲ್ಲೇ ಇದೆ. ಗರಿಷ್ಠ ಬಿಂದುವಿನ ಸುತ್ತ ಪವರ್ ಥಟ್ಟನೆ ಇಳಿಯುವುದಿಲ್ಲ, ನಿಧಾನಕ್ಕೆ ಇಳಿಯುತ್ತದೆ. ಲೋಡನ್ನು 2 ಓಮಿನಿಂದ 4 ಓಮಿಗೆ ಏರಿಸಿದರೆ ಪವರ್ 4.5ರಿಂದ 4 ವಾಟಿಗೆ, ಅಂದರೆ ಸುಮಾರು 11% ಮಾತ್ರ ಕಡಿಮೆಯಾಗುತ್ತದೆ. ಆದರೆ ದಕ್ಷತೆ 50%ರಿಂದ 67%ಕ್ಕೆ ಏರುತ್ತದೆ, ಒಳಗಿನ ವ್ಯರ್ಥ ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ಇದನ್ನು ಗಂಟೆಗಳ ಲೆಕ್ಕಕ್ಕೆ ತಿರುಗಿಸಿದರೆ ಇನ್ನೂ ಸ್ಪಷ್ಟ. ಶೆಲ್ಲುಗಳು 1 ಆಂಪಿಯರ್ ಕರೆಂಟನ್ನು ಒಂದು ಗಂಟೆ ಕೊಡುವಷ್ಟು ಸರಕು ಹೊಂದಿವೆ ಎನ್ನೋಣ. 2 ಓಮ್ ಲೋಡಿಗೆ ಅವು 40 ನಿಮಿಷ ನಡೆದು 3 ವಾಟ್-ಗಂಟೆ ಕೆಲಸ ಮಾಡುತ್ತವೆ. 4 ಓಮಿಗೆ ಒಂದು ಗಂಟೆ ನಡೆದು 4 ವಾಟ್-ಗಂಟೆ. 10 ಓಮಿಗೆ ಎರಡು ಗಂಟೆ ನಡೆದು 5 ವಾಟ್-ಗಂಟೆ. ಶೆಲ್ಲು ಅದೇ, ದುಡ್ಡು ಅಷ್ಟೇ, ಸಿಕ್ಕ ಕೆಲಸ ಬೇರೆ ಬೇರೆ. ನಿಜವಾದ ಶೆಲ್ಲಿನಲ್ಲಿ ಈ ಅಂತರ ಇನ್ನೂ ಹೆಚ್ಚು. ಜೋರಾಗಿ ಎಳೆದಾಗ ಒಳಗಿನ ರಾಸಾಯನಿಕಗಳು ಪೂರ್ತಿ ಬಳಕೆಯಾಗುವ ಮೊದಲೇ ವೋಲ್ಟೇಜ್ ಕುಸಿಯುತ್ತದೆ, ಆಂತರಿಕ ರೋಧವೂ ಏರುತ್ತಾ ಹೋಗುತ್ತದೆ.

ಮೀಟರ್ ಹಿಡಿದು ಅಳೆಯುವುದು

ಆಂತರಿಕ ರೋಧವನ್ನು ಮಲ್ಟಿಮೀಟರಿನ ಓಮ್ ಸ್ಥಾನದಲ್ಲಿಟ್ಟು ಅಳೆಯಲು ಹೋಗಬಾರದು. ಆ ಸ್ಥಾನದಲ್ಲಿ ಮೀಟರು ತನ್ನದೇ ಕರೆಂಟ್ ಕಳಿಸಿ ಅಳೆಯುತ್ತದೆ. ಬ್ಯಾಟರಿಯ ವೋಲ್ಟೇಜ್ ಅದರ ಮೇಲೆ ಬಿದ್ದರೆ ರೀಡಿಂಗಿಗೆ ಅರ್ಥವಿರುವುದಿಲ್ಲ, ಮೀಟರು ಕೆಡಲೂಬಹುದು. ಸರಿಯಾದ ದಾರಿ ವೋಲ್ಟೇಜಿನ ಇಳಿತವನ್ನು ನೋಡುವುದು.

ನಾಲ್ಕು ಶೆಲ್ಲುಗಳ ಹೋಲ್ಡರಿಗೆ ಮೊದಲು ಏನೂ ಹಚ್ಚದೆ ವೋಲ್ಟೇಜ್ ಬರೆದುಕೊಳ್ಳಿ: 6.0 ಬಂತು ಎನ್ನೋಣ. ಆಮೇಲೆ 10 ಓಮಿನ ರೆಸಿಸ್ಟರ್ ಹಚ್ಚಿ, ಒಂದೆರಡು ಸೆಕೆಂಡಿನಲ್ಲೇ ಮತ್ತೆ ಓದಿ: 5.0 ಬಂತು. ಕರೆಂಟ್ 5ನ್ನು 10ರಿಂದ ಭಾಗಿಸಿದಷ್ಟು, ಅಂದರೆ 0.5 ಆಂಪಿಯರ್. ಒಳಗೆ ಕಳೆದುಹೋದದ್ದು 1 ವೋಲ್ಟ್. 1ನ್ನು 0.5ರಿಂದ ಭಾಗಿಸಿದರೆ 2 ಓಮ್, ಅದೇ ಆಂತರಿಕ ರೋಧ. ರೆಸಿಸ್ಟರಿನಲ್ಲಿ 2.5 ವಾಟ್ ಬಿಸಿ ಹುಟ್ಟುವುದರಿಂದ ಕಾಲು ವಾಟಿನ ಸಣ್ಣ ರೆಸಿಸ್ಟರ್ ಸುಟ್ಟುಹೋಗುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ, ಬಿಳಿ ಸೆರಾಮಿಕ್ ಮೈಯ 5 ವಾಟಿನದನ್ನು ಬಳಸಬೇಕು. ಹೆಚ್ಚು ಹೊತ್ತು ಹಚ್ಚಿಟ್ಟರೆ ವೋಲ್ಟೇಜ್ ಇಳಿಯುತ್ತಲೇ ಹೋಗುವುದರಿಂದ ಬೇಗ ಓದಿ ಬಿಚ್ಚಿಬಿಡಬೇಕು.

ಲೋಡನ್ನು ಬದಲಿಸುತ್ತಾ, ವೋಲ್ಟೇಜ್ ಸರಿಯಾಗಿ ಅರ್ಧಕ್ಕೆ ಇಳಿಯುವ ಲೋಡನ್ನು ಹುಡುಕುವುದು ಇನ್ನೊಂದು ವಿಧಾನ. ಆ ಲೋಡೇ ಆಂತರಿಕ ರೋಧಕ್ಕೆ ಸಮ. ಇದನ್ನು ಪೆನ್ಸಿಲ್ ಶೆಲ್ಲಿನಂಥ ದುರ್ಬಲ ಮೂಲಗಳಿಗೆ ಮಾತ್ರ ಇಟ್ಟುಕೊಳ್ಳಬೇಕು. ಕಾರಿನ ಬ್ಯಾಟರಿಗೆ, ಯುಪಿಎಸ್ ಬ್ಯಾಟರಿಗೆ, ಲಿಥಿಯಂ ಬ್ಯಾಟರಿಗೆ ಎಂದೂ ಮಾಡಬಾರದು. ಕಾರಿನ 12 ವೋಲ್ಟ್ ಬ್ಯಾಟರಿಯ ಆಂತರಿಕ ರೋಧ 0.01 ಓಮ್ ಎಂದು ಹಿಡಿದರೆ, ಅರ್ಧ ವೋಲ್ಟೇಜಿನಲ್ಲಿ 600 ಆಂಪಿಯರ್ ಹರಿಯುತ್ತದೆ. ಹೊರಗೆ 3,600 ವಾಟ್, ಒಳಗೂ 3,600 ವಾಟ್. ತಂತಿ ಕೆಂಪಾಗುವುದು, ಬ್ಯಾಟರಿ ಸಿಡಿಯುವುದು ಇಂಥ ಕಡೆಯೇ. ಗರಿಷ್ಠ ಪವರಿನ ಬಿಂದು ಲೆಕ್ಕದಲ್ಲಿ ಇದೆ ಎಂದ ಮಾತ್ರಕ್ಕೆ ಬ್ಯಾಟರಿ ಅಲ್ಲಿ ಬದುಕುತ್ತದೆ ಎಂದಲ್ಲ.

ಸೆಲ್ಫ್ ತೆಗೆದುಕೊಳ್ಳದ ಕಾರು

ಬೆಳಗಿನ ಚಳಿಯಲ್ಲಿ ಕೀ ತಿರುಗಿಸಿದಾಗ ‘ಟಕ್’ ಎಂದು ಸದ್ದು ಬರುತ್ತದೆ, ಎಂಜಿನ್ ಮಾತ್ರ ತಿರುಗುವುದಿಲ್ಲ. ಮೀಟರ್ ಇಟ್ಟರೆ 12 ವೋಲ್ಟಿಗೂ ಸ್ವಲ್ಪ ಹೆಚ್ಚೇ ತೋರಿಸುತ್ತದೆ. ಬ್ಯಾಟರಿ ಸರಿ ಇದೆ ಎಂದು ನಂಬಿ ಬೇರೆಡೆ ದೋಷ ಹುಡುಕುವವರು ಎಡವುವುದು ಇಲ್ಲೇ. ಕರೆಂಟ್ ಎಳೆಯದೆ ಓದಿದ ವೋಲ್ಟೇಜ್ ಆಂತರಿಕ ರೋಧದ ಬಗ್ಗೆ ಏನೂ ಹೇಳುವುದಿಲ್ಲ.

ಸರಿಯಾದ ಬ್ಯಾಟರಿಯಲ್ಲಿ ಸ್ಟಾರ್ಟರ್ ಮೋಟಾರು 150 ಆಂಪಿಯರ್ ಎಳೆಯಿತು ಎನ್ನೋಣ. 0.01 ಓಮಿನಲ್ಲಿ ಇಳಿಯುವುದು 1.5 ವೋಲ್ಟ್. ಮೋಟಾರಿಗೆ 10.5 ವೋಲ್ಟ್, 1,575 ವಾಟ್ ಸಿಗುತ್ತದೆ. ಇಲ್ಲಿ ಮೋಟಾರು 0.07 ಓಮಿನ ಲೋಡಿನಂತೆ ನಡೆದುಕೊಳ್ಳುತ್ತಿದೆ, ಅಂದರೆ ಆಂತರಿಕ ರೋಧದ ಏಳು ಪಟ್ಟು. ದಕ್ಷತೆ 87%ಕ್ಕೂ ಹೆಚ್ಚು. ಈಗ ಬ್ಯಾಟರಿಗೆ ವಯಸ್ಸಾಗಿ, ಸೀಸದ ಫಲಕಗಳ ಮೇಲೆ ಸಲ್ಫೇಟ್ ಹರಳು ಗಟ್ಟಿಯಾಗಿ ಕೂತು, ಆಂತರಿಕ ರೋಧ 0.04 ಓಮಿಗೆ ಏರಿತು. ಆ ಬ್ಯಾಟರಿಯ ಮಿತಿಯನ್ನು ಲೆಕ್ಕ ಹಾಕಿ: 144ನ್ನು 0.16ರಿಂದ ಭಾಗಿಸಿದರೆ 900 ವಾಟ್. ಎಂಜಿನ್ನಿಗೆ ಬೇಕಾದ 1,575 ವಾಟನ್ನು ಈ ಬ್ಯಾಟರಿಯಿಂದ ಯಾವ ಮೋಟಾರೂ ತೆಗೆಯಲಾರದು. ಅದೇ 0.07 ಓಮಿನ ಲೋಡು ಹಚ್ಚಿದರೆ ವೋಲ್ಟೇಜ್ 7.6ಕ್ಕೆ ಕುಸಿದು, ಸಿಗುವುದು ಸುಮಾರು 830 ವಾಟ್.

ಆದ್ದರಿಂದ ಪರೀಕ್ಷೆ ಮಾಡಬೇಕಾದದ್ದು ಸೆಲ್ಫ್ ಹೊಡೆಯುವಾಗಲೇ. ಮೀಟರನ್ನು ಬ್ಯಾಟರಿಯ ಟರ್ಮಿನಲ್ಲಿಗೇ ಹಿಡಿದು ನೋಡಿದಾಗ ವೋಲ್ಟೇಜ್ ಹತ್ತರ ಆಸುಪಾಸಿನಲ್ಲಿ ನಿಂತರೆ ಬ್ಯಾಟರಿ ಗಟ್ಟಿ. ಏಳೆಂಟಕ್ಕೆ ಬಿದ್ದರೆ ಒಂದೋ ಚಾರ್ಜ್ ಇಲ್ಲ, ಇಲ್ಲವೇ ಆಂತರಿಕ ರೋಧ ಹೆಚ್ಚಿದೆ. ಪೂರ್ತಿ ಚಾರ್ಜ್ ಮಾಡಿದ ಮೇಲೂ ಹಾಗೆಯೇ ಬಿದ್ದರೆ ಎರಡನೆಯದೇ ಕಾರಣ. ಬ್ಯಾಟರಿಯಲ್ಲಿ ವೋಲ್ಟೇಜ್ ಇಳಿಯದೆ ಸ್ಟಾರ್ಟರಿನ ಬಳಿ ಮಾತ್ರ ಇಳಿದಿದ್ದರೆ ಟರ್ಮಿನಲ್ಲಿನ ಕಿಲುಬನ್ನೂ ಸಡಿಲವಾದ ಕೇಬಲನ್ನೂ ನೋಡಬೇಕು. ಆ ರೋಧ ಬ್ಯಾಟರಿಯ ಹೊರಗಿದ್ದರೂ ಲೆಕ್ಕದಲ್ಲಿ ಒಳಗಿನ ರೋಧಕ್ಕೆ ಸೇರಿಕೊಳ್ಳುತ್ತದೆ. ಚಳಿಯಲ್ಲಿ ರಾಸಾಯನಿಕ ಕ್ರಿಯೆ ನಿಧಾನವಾಗಿ ರೋಧ ಏರುವುದರಿಂದಲೇ ಇಂಥ ಬ್ಯಾಟರಿಗಳು ಮಧ್ಯಾಹ್ನ ನಡೆದು ಬೆಳಿಗ್ಗೆ ಕೈಕೊಡುತ್ತವೆ.

ನಿಯಮವನ್ನು ತಿರುವಿ ಓದಿದವರು

ಈ ನಿಯಮಕ್ಕೆ ಮೋರಿಟ್ಸ್ ಯಾಕೋಬಿಯ ಹೆಸರು ಅಂಟಿಕೊಂಡಿದೆ. ಜರ್ಮನಿಯ ಪಾಟ್ಸ್‌ಡಾಮಿನಲ್ಲಿ ಹುಟ್ಟಿ ರಷ್ಯಾದಲ್ಲಿ ಕೆಲಸ ಮಾಡಿದ ಈ ಎಂಜಿನಿಯರ್ 1838ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ನೇವಾ ನದಿಯ ಮೇಲೆ ಬ್ಯಾಟರಿ ಮತ್ತು ಮೋಟಾರಿನಿಂದ ದೋಣಿ ಓಡಿಸಿದವನು. ದುರ್ಬಲ ಬ್ಯಾಟರಿಯಿಂದ ಮೋಟಾರಿಗೆ ಅತಿ ಹೆಚ್ಚು ಪವರ್ ಎಳೆಯುವುದು ಅವನ ಮುಂದಿದ್ದ ನಿಜವಾದ ಸಮಸ್ಯೆ. ರೋಧಗಳು ಸಮನಾಗಿರಬೇಕು ಎಂಬುದು ಅವನ ಸಮಸ್ಯೆಗೆ ಸರಿಯಾದ ಉತ್ತರ.

ತಪ್ಪು ನಡೆದದ್ದು ಆಮೇಲೆ. ವಿದ್ಯುತ್ ಯಂತ್ರದ ದಕ್ಷತೆ 50% ಮೀರಲಾರದು ಎಂದು ಆ ನಿಯಮವನ್ನು ಹಲವರು ಓದಿಕೊಂಡರು. ಡೈನಮೋ ಕಟ್ಟುವಾಗಲೂ ಅದರ ಒಳ ರೋಧ ಹೊರಗಿನ ದೀಪಗಳ ರೋಧಕ್ಕೆ ಸಮನಾಗಿರಬೇಕು ಎಂಬ ಅಭಿಪ್ರಾಯ ಬೆಳೆಯಿತು. 1879ರ ಸುಮಾರಿಗೆ ಮೆನ್ಲೋ ಪಾರ್ಕಿನಲ್ಲಿ ಥಾಮಸ್ ಎಡಿಸನ್ ಮತ್ತು ಅವನ ಜೊತೆಗಿದ್ದ ಗಣಿತಜ್ಞ ಫ್ರಾನ್ಸಿಸ್ ಅಪ್ಟನ್ ಅದಕ್ಕೆ ವಿರುದ್ಧ ದಾರಿ ಹಿಡಿದರು. ಡೈನಮೋದ ಒಳ ರೋಧವನ್ನು ಆದಷ್ಟು ತಗ್ಗಿಸಿದರು, ದೀಪಗಳ ರೋಧವನ್ನು 100 ಓಮಿಗೂ ಮೇಲೆ ಏರಿಸಿದರು. ಹೆಚ್ಚಿನ ಶಕ್ತಿ ಯಂತ್ರದ ಒಳಗೆ ಸುಡದೆ ದೀಪಗಳಿಗೆ ಹೋಯಿತು. 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್ ವಿದ್ಯುತ್ ಕೇಂದ್ರ ಶುರುವಾದದ್ದು ಈ ವಿಚಾರದ ಮೇಲೆಯೇ.

ಯಾಕೋಬಿಯ ನಿಯಮ ಸುಳ್ಳಾಗಲಿಲ್ಲ, ಅದು ಉತ್ತರಿಸುವ ಪ್ರಶ್ನೆ ಬೇರೆ ಇತ್ತು. ಬ್ಯಾಟರಿ ಈಗಾಗಲೇ ಕೈಯಲ್ಲಿದೆ, ಅದರ ಆಂತರಿಕ ರೋಧವನ್ನು ಬದಲಿಸಲಾಗದು. ಯಾವ ಲೋಡು ಹಚ್ಚಲಿ? ಇದಕ್ಕೆ ಉತ್ತರ: ಸಮನಾದದ್ದು. ಆದರೆ ಲೋಡು ಗೊತ್ತಿದೆ, ಬ್ಯಾಟರಿಯನ್ನು ಆರಿಸಬೇಕು ಎಂದಾದರೆ ಉತ್ತರ ಪೂರ್ತಿ ಬೇರೆ: ಆಂತರಿಕ ರೋಧ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ನಮ್ಮ 2 ಓಮ್ ಲೋಡಿಗೆ 2 ಓಮಿನ ಬದಲು 0.5 ಓಮ್ ಆಂತರಿಕ ರೋಧದ 6 ವೋಲ್ಟ್ ಬ್ಯಾಟರಿ ಸಿಕ್ಕಿದರೆ ಕರೆಂಟ್ 2.4 ಆಂಪಿಯರ್, ಪವರ್ 11.5 ವಾಟ್, ದಕ್ಷತೆ 80%. ಪವರ್ ಮತ್ತು ದಕ್ಷತೆ ಎರಡೂ ಏರಿದವು. ಸಮ ಮಾಡಬೇಕೆಂದು ಒಳ್ಳೆಯ ಬ್ಯಾಟರಿಗೆ ಬೇಕೆಂದೇ 1.5 ಓಮಿನ ರೆಸಿಸ್ಟರ್ ಸೇರಿಸಿದರೆ ಎರಡನ್ನೂ ಕಳೆದುಕೊಂಡಂತೆ.

ಎಲ್ಲಿ ಸಮ, ಎಲ್ಲಿ ದೂರ

ರೇಡಿಯೊದ ಆಂಟೆನಾ ಹಿಡಿಯುವ ಸಂಕೇತ ಅತ್ಯಲ್ಪ. ಅಲ್ಲಿ ವ್ಯರ್ಥವಾಗುವ ಶಕ್ತಿಗೆ ಯಾರೂ ದುಡ್ಡು ಕೊಟ್ಟಿಲ್ಲ, ಸಿಗುವುದರಲ್ಲಿ ಅತಿ ಹೆಚ್ಚನ್ನು ರಿಸೀವರಿಗೆ ತಲುಪಿಸುವುದೇ ಗುರಿ. ಆದ್ದರಿಂದ ಅಲ್ಲಿ ಎರಡೂ ಕಡೆಯನ್ನು ಸರಿಸಮ ಮಾಡುತ್ತಾರೆ. ಶಕ್ತಿಗೆ ಬೆಲೆ ಇರುವ ಕಡೆ, ಒಳಗಿನ ಬಿಸಿ ಅಪಾಯ ತರುವ ಕಡೆ ಆ ಬಿಂದುವಿನಿಂದ ದೂರ ಇರುತ್ತಾರೆ. ಮೊಬೈಲು, ಎಲೆಕ್ಟ್ರಿಕ್ ಸ್ಕೂಟರ್, ಮನೆಯ ಯುಪಿಎಸ್ ಎಲ್ಲವೂ ಎರಡನೆಯ ಗುಂಪಿನವು.

ಎಷ್ಟು ದೂರ ಎಂಬುದಕ್ಕೂ ಸುಲಭದ ಅಳತೆ ಇದೆ. ಲೋಡು ಆಂತರಿಕ ರೋಧದ ಎರಡು ಪಟ್ಟು ಇದ್ದರೆ ದಕ್ಷತೆ ಮೂರರಲ್ಲಿ ಎರಡು ಭಾಗ, ಗರಿಷ್ಠ ಪವರಿನ 89% ಕೈಗೆ ಸಿಗುತ್ತದೆ. ಒಂಬತ್ತು ಪಟ್ಟು ಇದ್ದರೆ ದಕ್ಷತೆ 90%, ಆದರೆ ಸಿಗುವ ಪವರ್ ಗರಿಷ್ಠದ 36% ಮಾತ್ರ. ನಮ್ಮ ಶೆಲ್ಲುಗಳಿಗೆ 18 ಓಮಿನ ಲೋಡು, 1.62 ವಾಟ್. ಬ್ಯಾಟರಿ 90% ದಕ್ಷತೆಯಲ್ಲಿ ದುಡಿಯಬೇಕಾದರೆ ಅದರ ಗರಿಷ್ಠ ಮಿತಿ ನಮಗೆ ಬೇಕಾದ ಪವರಿಗಿಂತ ಸುಮಾರು ಮೂರು ಪಟ್ಟು ಮೇಲಿರಬೇಕು. ಆಂತರಿಕ ರೋಧವನ್ನು ಅರ್ಧ ಮಾಡಿದರೆ ಆ ಮಿತಿ ಇಮ್ಮಡಿಯಾಗುತ್ತದೆ. ಅದೇ ವೋಲ್ಟೇಜಿನ ಎರಡು ಬ್ಯಾಟರಿಗಳಲ್ಲಿ ಒಂದನ್ನು ಆರಿಸಬೇಕಾದಾಗ, ಎಷ್ಟು ಆಂಪಿಯರ್-ಗಂಟೆ ಎಂದು ಕೇಳುವಷ್ಟೇ ಮುಖ್ಯವಾಗಿ, ಲೋಡು ಹಾಕಿದಾಗ ವೋಲ್ಟೇಜ್ ಎಷ್ಟು ಇಳಿಯುತ್ತದೆ ಎಂದು ಕೇಳಬೇಕು.